ದೇಹವೇ ದೇಗುಲ ಅಂದರೆ ಏನು ಹೇಳಿದ ಹಾಗಾಯಿತು? ಧಾರ್ಮಿಕ ರೂಪಕದ ಮೇಲೆ ಪ್ರಬಂಧ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷೆಯ ತತ್ವಶಾಸ್ತ್ರದಲ್ಲಿ "ಧಾರ್ಮಿಕ ಮಾತುಗಳಿಗೆ ಅರ್ಥ ಇದೆಯೇ" ಅನ್ನುವ ವಿಷಯದ ಮೇಲೆ ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ಹಲವು ವರ್ಷ ಓದಿದ್ದೇನೆ. ಎಲ್ಲರೂ ಎಡವುವ ಜಾಗಗಳು ಸುಮಾರು ಒಂದೇ. ಕೇಳುವ ಪ್ರಶ್ನೆಗಳೂ ಒಂದೇ. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಮಗೆಲ್ಲ ಬಾಯಿಗೆ ಬರುವ ಬಸವಣ್ಣನ ಒಂದು ವಚನವನ್ನೇ ಹಿಡಿದುಕೊಂಡಿದ್ದೇನೆ.

ದೇವರು ಇದ್ದಾನೋ ಇಲ್ಲವೋ ಅನ್ನುವುದನ್ನು ಮೊದಲು ತೀರ್ಮಾನ ಮಾಡಬೇಕಾ?

ಬೇಡ. ಅದು ಬೇರೆ ಪ್ರಶ್ನೆ. ಒಂದು ಮಾತು ನಿಜವೋ ಸುಳ್ಳೋ ಎಂದು ಕೇಳುವುದಕ್ಕೆ ಮೊದಲು ಆ ಮಾತು ಏನನ್ನಾದರೂ ಹೇಳುತ್ತಿದೆಯೇ ಎಂದು ಕೇಳಬೇಕು. "ಚಂದ್ರನ ಮೇಲೆ ಮಾವಿನ ಮರ ಇದೆ" ಅನ್ನುವುದು ಸುಳ್ಳು, ಆದರೆ ಅದಕ್ಕೆ ಅರ್ಥ ಇದೆ. ಏನಿದ್ದರೆ ಅದು ನಿಜವಾಗುತ್ತಿತ್ತು ಅಂತ ನಮಗೆ ಗೊತ್ತು. "ಮಂಗಳವಾರ ಹಸಿರಾಗಿ ನಿದ್ದೆಯನ್ನು ಗುಣಿಸಿತು" ಅನ್ನುವುದು ಸುಳ್ಳು ಕೂಡ ಅಲ್ಲ. ಅಲ್ಲಿ ಸುಳ್ಳಾಗುವುದಕ್ಕೆ ಏನೂ ಇಲ್ಲ. ಧಾರ್ಮಿಕ ಮಾತು ಈ ಎರಡರಲ್ಲಿ ಯಾವ ಗುಂಪಿಗೆ ಸೇರುತ್ತದೆ ಅನ್ನುವುದೇ ನಿಮ್ಮ ಪ್ರಬಂಧದ ಪ್ರಶ್ನೆ.

ಈ ಎರಡನ್ನು ಬೆರೆಸಿದರೆ ಪ್ರಬಂಧ ಎರಡನೇ ಪುಟದಲ್ಲೇ ದಾರಿ ತಪ್ಪುತ್ತದೆ. "ದೇವರಿಗೆ ಸಾಕ್ಷಿ ಇಲ್ಲ, ಆದ್ದರಿಂದ ಆ ಮಾತಿಗೆ ಅರ್ಥ ಇಲ್ಲ" ಎಂದು ಬರೆದವರು ಸಾಕ್ಷಿ ಇಲ್ಲದ್ದನ್ನೂ ಅರ್ಥ ಇಲ್ಲದ್ದನ್ನೂ ಒಂದೇ ಮಾಡಿಬಿಟ್ಟಿರುತ್ತಾರೆ. ಹಾಗೆ ಮಾಡಬೇಕಾದರೆ ಅದಕ್ಕೆ ಬೇರೆ ವಾದ ಬೇಕು.

ಏಯರ್‌ನಿಂದ ಶುರು ಮಾಡಲೇಬೇಕಾ?

ಶುರು ಮಾಡಬಹುದು, ಆದರೆ ಅಲ್ಲೇ ಜಾಸ್ತಿ ಹೊತ್ತು ನಿಲ್ಲಬೇಡಿ. ಎ.ಜೆ. ಏಯರ್ 1936ರಲ್ಲಿ ಪುಸ್ತಕ ಬರೆದಾಗ ಆತನಿಗೆ 25 ವರ್ಷ. ವಿಯೆನ್ನಾದ ಚಿಂತಕರ ವಿಚಾರವನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದ. ಆತನ ಅಳತೆಗೋಲು ಸರಳವಾಗಿತ್ತು. ಒಂದು ವಾಕ್ಯ ಪದಗಳ ಅರ್ಥದಿಂದಲೇ ನಿಜವಾಗಿರಬೇಕು, ಇಲ್ಲದಿದ್ದರೆ ಅದು ನಿಜವೋ ಅಲ್ಲವೋ ಎನ್ನುವುದಕ್ಕೆ ಅನುಭವದಲ್ಲಿ ಏನಾದರೂ ವ್ಯತ್ಯಾಸ ಕಾಣಬೇಕು. ಎರಡೂ ಇಲ್ಲದ ವಾಕ್ಯ ಏನನ್ನೂ ಹೇಳುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಏಯರ್ ಪ್ರಕಾರ "ದೇವರಿಲ್ಲ" ಅನ್ನುವವನ ಮಾತಿಗೂ ಅರ್ಥ ಇಲ್ಲ. ಆದ್ದರಿಂದ ಏಯರ್‌ನನ್ನು ನಾಸ್ತಿಕರ ಪರ ವಕೀಲ ಎಂದು ಬರೆಯುವುದು ತಪ್ಪು.

ಈ ಅಳತೆಗೋಲು ನಿಲ್ಲಲಿಲ್ಲ. ಏಕೆ ಅಂತ ಒಂದು ಸಣ್ಣ ಉದಾಹರಣೆಯಲ್ಲಿ ನೋಡಬಹುದು. ಬೇರೆ ವಾಕ್ಯಗಳ ಜೊತೆ ಸೇರಿದಾಗ ಅನುಭವಕ್ಕೆ ಸಿಗುವ ಏನನ್ನಾದರೂ ಕೊಡಬಲ್ಲ ವಾಕ್ಯಕ್ಕೆ ಅರ್ಥ ಇದೆ ಎಂದು ಏಯರ್ ಮೊದಲು ಹೇಳಿದ್ದ. ಹಾಗಾದರೆ "ಪರತತ್ವ ಸೋಮಾರಿ" ಅನ್ನುವ ವಾಕ್ಯ ತೆಗೆದುಕೊಳ್ಳಿ. ಅದಕ್ಕೆ "ಪರತತ್ವ ಸೋಮಾರಿಯಾಗಿದ್ದರೆ ಈ ಗೋಡೆ ಬಿಳಿ" ಅನ್ನುವುದನ್ನು ಸೇರಿಸಿ. "ಈ ಗೋಡೆ ಬಿಳಿ" ಅಂತ ಬಂದೇ ಬರುತ್ತದೆ. ಅಂದರೆ ಯಾವ ವಾಕ್ಯವನ್ನು ಬೇಕಾದರೂ ಒಳಗೆ ಬಿಡಬಹುದು. ಏಯರ್ ಈ ತೊಂದರೆಯನ್ನು ಒಪ್ಪಿಕೊಂಡು 1946ರ ಎರಡನೇ ಆವೃತ್ತಿಯಲ್ಲಿ ಸೂತ್ರವನ್ನು ಬಿಗಿ ಮಾಡಿದ. 1949ರಲ್ಲಿ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಆ ಬಿಗಿ ಮಾಡಿದ ಸೂತ್ರವೂ ಸೋರುತ್ತದೆ ಎಂದು ತೋರಿಸಿದ.

ಪ್ರಬಂಧಕ್ಕೆ ಇಷ್ಟು ಸಾಕು. ಸೂತ್ರ ಸೋತಿತು ಅಂತ ಧಾರ್ಮಿಕ ಮಾತಿಗೆ ಅರ್ಥ ಇದೆ ಎಂದು ಸಾಬೀತಾಗಲಿಲ್ಲ. ಒಂದು ತಕ್ಕಡಿ ಮುರಿಯಿತು, ಅಷ್ಟೇ. ತೂಕ ಇನ್ನೂ ಗೊತ್ತಾಗಿಲ್ಲ.

ಫ್ಲೂ ಹೇಳಿದ ತೋಟಗಾರನ ಕತೆಗೂ ರೂಪಕಕ್ಕೂ ಏನು ಸಂಬಂಧ?

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1950ರಲ್ಲಿ ಆಂಟನಿ ಫ್ಲೂ ಒಂದು ಚಿಕ್ಕ ಲೇಖನ ಬರೆದ. ಅದರಲ್ಲಿರುವ ಕತೆಯ ಬೀಜ ಜಾನ್ ವಿಸ್ಡಮ್‌ನದು. ಇಬ್ಬರು ಕಾಡಿನಲ್ಲಿ ಹೋಗುವಾಗ ಒಂದು ಬಯಲು ಸಿಗುತ್ತದೆ. ಹೂವೂ ಇವೆ, ಕಳೆಯೂ ಇದೆ. "ಇದನ್ನು ಯಾರೋ ತೋಟಗಾರ ನೋಡಿಕೊಳ್ಳುತ್ತಾನೆ" ಅಂತ ಒಬ್ಬ. "ಇಲ್ಲ" ಅಂತ ಇನ್ನೊಬ್ಬ. ಕಾದು ನೋಡಿದರು, ಯಾರೂ ಬರಲಿಲ್ಲ. ವಿದ್ಯುತ್ ಬೇಲಿ ಹಾಕಿದರು, ಮೂಸುವ ನಾಯಿಗಳನ್ನು ಬಿಟ್ಟರು. ಬೇಲಿ ಅಲುಗಲಿಲ್ಲ, ನಾಯಿ ಬೊಗಳಲಿಲ್ಲ. ಮೊದಲನೆಯವನು ಬಿಡಲಿಲ್ಲ. ತೋಟಗಾರ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಲಾಗುವುದಿಲ್ಲ, ವಾಸನೆ ಇಲ್ಲ, ಸದ್ದಿಲ್ಲ ಅಂದ. ಕೊನೆಗೆ ಎರಡನೆಯವನು ಕೇಳುತ್ತಾನೆ: ಇಂಥ ತೋಟಗಾರನಿಗೂ ತೋಟಗಾರನೇ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ? ಒಂದೊಂದೇ ತಿದ್ದುಪಡಿ ಸೇರಿಸುತ್ತಾ ಹೋದರೆ ಮೊದಲು ಹೇಳಿದ ಮಾತು ಸಾವಿರ ತಿದ್ದುಪಡಿಗಳಲ್ಲಿ ಸತ್ತುಹೋಗುತ್ತದೆ ಎನ್ನುವುದು ಫ್ಲೂ ಅಭಿಪ್ರಾಯ.

ಹೆಚ್ಚಿನವರು ಕತೆ ಹೇಳಿ ಮುಂದೆ ಹೋಗುತ್ತಾರೆ. ಅದರ ನಂತರ ಫ್ಲೂ ಕೊಡುವ ಉದಾಹರಣೆಯನ್ನು ಬಿಟ್ಟುಬಿಡುತ್ತಾರೆ. "ತಂದೆ ಮಕ್ಕಳನ್ನು ಪ್ರೀತಿಸುವ ಹಾಗೆ ದೇವರು ನಮ್ಮನ್ನು ಪ್ರೀತಿಸುತ್ತಾನೆ" ಅನ್ನುವ ಮಾತು ಅದು. ಒಂದು ಮಗು ಗಂಟಲ ಕ್ಯಾನ್ಸರ್‌ನಿಂದ ಸಾಯುತ್ತಿದೆ. ಹೆತ್ತ ತಂದೆ ಹುಚ್ಚನ ಹಾಗೆ ಓಡಾಡುತ್ತಿದ್ದಾನೆ. ಮೇಲಿನ ತಂದೆಯ ಕಡೆಯಿಂದ ಏನೂ ಇಲ್ಲ. ಆಗ "ದೇವರ ಪ್ರೀತಿ ಮನುಷ್ಯರ ಪ್ರೀತಿಯಂಥದಲ್ಲ" ಎಂಬ ತಿದ್ದುಪಡಿ ಬರುತ್ತದೆ.

ಈ ಉದಾಹರಣೆ ರೂಪಕದ ಮೇಲೇ ನಿಂತಿದೆ, ಅಲ್ವಾ? "ತಂದೆ" ಎಂದಾಗ ಅದರ ಜೊತೆ ಹತ್ತು ಅರ್ಥ ಬರುತ್ತವೆ. ಹೆತ್ತವನು, ಸಾಕುವವನು, ಬೈಯುವವನು, ಕಷ್ಟಕ್ಕೆ ಓಡಿ ಬರುವವನು. ದೇವರಿಗೆ ಆ ಪದ ಬಳಸಿದಾಗ ಕೆಲವು ಉಳಿಯುತ್ತವೆ, ಕೆಲವು ಹೋಗುತ್ತವೆ. ಮೀಸೆ ಹೋಗುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. "ಕಷ್ಟಕ್ಕೆ ಓಡಿ ಬರುವವನು" ಕೂಡ ಹೋದರೆ ಇನ್ನೇನು ಉಳಿಯಿತು? ಫ್ಲೂ ಕೇಳಿದ್ದು ಇದನ್ನೇ ಎಂದು ಓದಿಕೊಂಡರೆ ನಿಮ್ಮ ಪ್ರಬಂಧಕ್ಕೆ ಒಂದು ಗಟ್ಟಿ ಸಾಧನ ಸಿಗುತ್ತದೆ. ರೂಪಕ ಹೇಳಿದವರು ಅದರ ಯಾವ ಅರ್ಥಗಳನ್ನು ಇಟ್ಟುಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ, ಯಾವುದು ಬಿದ್ದರೆ ರೂಪಕವನ್ನೇ ಕೈಬಿಡುತ್ತಾರೆ? ಕೊನೆಯದಕ್ಕೆ ಉತ್ತರ ಇದ್ದರೆ ಮಾತಿಗೆ ಅರ್ಥ ಇದೆ.

ಭಕ್ತರು ಯಾವುದಕ್ಕೂ ಮಾತು ಬದಲಿಸುವುದಿಲ್ಲವಲ್ಲ? ಹಾಗಾದರೆ ಫ್ಲೂ ಗೆದ್ದ ಹಾಗಲ್ವಾ?

ನಾನೂ ತುಂಬಾ ದಿನ ಹಾಗೇ ಅಂದುಕೊಂಡಿದ್ದೆ. ನಮ್ಮ ಅಜ್ಜಿಗೆ "ದೇವರು ದೊಡ್ಡವನು" ಅನ್ನುವುದು ಉಸಿರಿನ ಹಾಗೆ. (ಇದೂ ರೂಪಕವೇ, ಗಾತ್ರದ ಮಾತು.) ನನ್ನ ತಮ್ಮನಿಗೆ ಜ್ವರ ಏರಿ, ಮೂರನೇ ದಿನ ಬೆವರು ಬಂದು ಇಳಿದಾಗ "ದೇವರು ದೊಡ್ಡವನು" ಅಂದರು. ಮುಂದಿನ ವರ್ಷ ಪಕ್ಕದ ಮನೆಯ ಕೂಸು ತೀರಿಕೊಂಡಿತು. ಆಗಲೂ ಅದನ್ನೇ ಅಂದರು. ಎರಡಕ್ಕೂ ಒಂದೇ ಮಾತು. ಫ್ಲೂ ಓದಿದಾಗ ನನಗೆ ಮೊದಲು ನೆನಪಾದದ್ದು ಅಜ್ಜಿ.

ಆದರೆ ಇನ್ನೊಂದು ವಿಷಯ ಆಮೇಲೆ ನೆನಪಾಯಿತು. ಕೂಸು ಹೋದ ಆ ಸಂಜೆ ಅಜ್ಜಿ ದೇವರ ಮುಂದೆ ದೀಪ ಹಚ್ಚಲಿಲ್ಲ. ಹಿತ್ತಾಳೆಯ ಕಂಬದ ದೀಪ, ಬತ್ತಿ ಹೊಸೆದು ಪಕ್ಕದಲ್ಲಿ ಇಟ್ಟಿತ್ತು, ಎಣ್ಣೆಯೂ ಹಾಕಿತ್ತು. ಸುಮ್ನೆ ಅದರ ಮುಂದೆ ಕೂತಿದ್ದರು. ಸೂತಕ ನಮ್ಮದಲ್ಲ, ನಮ್ಮ ಮನೆಯಲ್ಲಿ ಹಚ್ಚಬಾರದು ಅನ್ನುವ ಕಟ್ಟೇನೂ ಇರಲಿಲ್ಲ. ಮೂರು ದಿನ ಹಚ್ಚಲಿಲ್ಲ.

ಫ್ಲೂಗೆ ಉತ್ತರ ಕೊಟ್ಟವರಲ್ಲಿ ಬೇಸಿಲ್ ಮಿಚೆಲ್ ಹೇಳಿದ್ದು ಇದಕ್ಕೆ ತುಂಬಾ ಹತ್ತಿರ. ಶತ್ರುಗಳು ಹಿಡಿದ ದೇಶ. ಅಲ್ಲಿ ಗುಟ್ಟಾಗಿ ಹೋರಾಡುವ ಒಬ್ಬನಿಗೆ ಒಂದು ರಾತ್ರಿ ಅಪರಿಚಿತನೊಬ್ಬ ಸಿಗುತ್ತಾನೆ. "ನಾನು ನಿಮ್ಮ ಕಡೆಯವನೇ, ಏನಾದರೂ ನಂಬಿಕೆ ಬಿಡಬೇಡ" ಅನ್ನುತ್ತಾನೆ. ಮುಂದೆ ಆ ಅಪರಿಚಿತ ಕೆಲವೊಮ್ಮೆ ಸಹಾಯ ಮಾಡುತ್ತಾನೆ. ಕೆಲವೊಮ್ಮೆ ಪೊಲೀಸ್ ಬಟ್ಟೆಯಲ್ಲಿ ಇವರ ಜನರನ್ನೇ ಹಿಡಿದು ಕೊಡುತ್ತಾನೆ. ಹೋರಾಟಗಾರ ನಂಬಿಕೆ ಬಿಡುವುದಿಲ್ಲ. ಆದರೆ ಹಿಡಿದು ಕೊಟ್ಟದ್ದು ತನ್ನ ನಂಬಿಕೆಗೆ ವಿರುದ್ಧ ಎಂದು ಅವನಿಗೆ ಗೊತ್ತು. ಅದು ಅವನಿಗೆ ಚುಚ್ಚುತ್ತದೆ. ವಿರುದ್ಧವಾಗಿ ಏನೂ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದು ಒಂದು. ಲೆಕ್ಕಕ್ಕೆ ಬರುತ್ತದೆ, ಆದರೆ ಅಷ್ಟಕ್ಕೇ ಬಿಡುವುದಿಲ್ಲ ಅನ್ನುವುದು ಬೇರೆಯೇ. ಅಜ್ಜಿಯ ಬಾಯಿ ಮಾತು ಮೊದಲನೆಯದರ ಹಾಗೆ ಕೇಳಿಸುತ್ತಿತ್ತು. ಹಚ್ಚದ ದೀಪ ಎರಡನೆಯದನ್ನು ಹೇಳುತ್ತಿತ್ತು.

ಆದ್ದರಿಂದ ಪ್ರಬಂಧದಲ್ಲಿ ವಾಕ್ಯವನ್ನು ಮಾತ್ರ ನೋಡಬೇಡಿ. ಆ ವಾಕ್ಯದ ಸುತ್ತ ಜನ ಏನು ಮಾಡುತ್ತಾರೆ, ಯಾವಾಗ ಅವರಿಗೆ ಅದು ಹೇಳುವುದಕ್ಕೆ ಕಷ್ಟವಾಗುತ್ತದೆ, ಅದನ್ನೂ ನೋಡಿ. ಮಿಚೆಲ್‌ಗೂ ಒಂದು ಮಿತಿ ಇದೆ. ಎಷ್ಟು ಚುಚ್ಚಿದರೆ ಸಾಕು ಎನ್ನುವುದಕ್ಕೆ ಅವನ ಬಳಿ ಅಳತೆ ಇಲ್ಲ. ಅದನ್ನು ಬರೆಯಲೂ ಹಿಂಜರಿಯಬೇಡಿ.

ಒಂದು ಉದಾಹರಣೆ ತೆಗೆದುಕೊಂಡು ಪೂರ್ತಿ ಮಾಡಿ ತೋರಿಸುತ್ತೀರಾ?

ಹನ್ನೆರಡನೇ ಶತಮಾನದ ಈ ವಚನ ನೋಡೋಣ:

ಉಳ್ಳವರು ಶಿವಾಲಯ ಮಾಡುವರು
ನಾನೇನು ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಮೊದಲ ಕೆಲಸ, ವಾಕ್ಯಗಳನ್ನು ಬಿಡಿಸುವುದು. ಇಡೀ ವಚನವನ್ನು ಒಂದೇ "ಧಾರ್ಮಿಕ ಹೇಳಿಕೆ" ಎಂದು ಕಟ್ಟಿ ಹಾಕಬೇಡಿ. ಮೊದಲ ಸಾಲು ಸಾದಾ ಮಾತು. ಹಣ ಇದ್ದವರು ಗುಡಿ ಕಟ್ಟಿಸುತ್ತಾರೆ. ಅದನ್ನು ಶಾಸನ ನೋಡಿ ತಾಳೆ ಹಾಕಬಹುದು. ಏಯರ್‌ಗೂ ತಕರಾರಿಲ್ಲ. ಎರಡನೆಯದರಲ್ಲಿ ಪ್ರಶ್ನೆ ಇದೆ. ಪ್ರಶ್ನೆಗೆ ನಿಜ ಸುಳ್ಳು ಇಲ್ಲ, ಅರ್ಥ ಖಂಡಿತ ಇದೆ. ಅದರೊಳಗೆ "ಬಡವ" ಅನ್ನುವ ಮಾತೂ ಇದೆ. ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಎಂದು ಪರಂಪರೆ ಹೇಳುತ್ತದೆ. ಭಂಡಾರಿ ಬಡವ ಹೇಗೆ? ಹಾಗಾಗಿ ಒಂದೋ "ನಾನು" ಅಂದರೆ ಬಸವಣ್ಣನೊಬ್ಬನೇ ಅಲ್ಲ, ಇಲ್ಲವೇ "ಬಡವ" ಅಂದರೆ ಬರೀ ದುಡ್ಡಿಲ್ಲದವನಲ್ಲ. ರೂಪಕ ಕಂಬ, ಕಳಶದ ಸಾಲಿಗೆ ಮೊದಲೇ ಶುರುವಾಗಿದೆ.

ಎರಡನೇ ಕೆಲಸ, ರೂಪಕದ ಸಾಲನ್ನು ವ್ಯಾಕರಣದ ಕಣ್ಣಿನಲ್ಲಿ ನೋಡುವುದು. "ದೇಹ ದೇಗುಲದಂತೆ" ಎಂದಿಲ್ಲ. "ದೇಹವೇ ದೇಗುಲ" ಎಂದಿದೆ. ಆ "ಏ" ಅವಧಾರಣೆ. ಕನ್ನಡದಲ್ಲಿ ಅದು ಒತ್ತು ಕೊಡುತ್ತದೆ, ಜೊತೆಗೆ ಬೇರೆಯದನ್ನು ಹೊರಗಿಡುತ್ತದೆ. "ಅವನೇ ಬಂದ" ಅಂದರೆ ಬೇರೆಯವರಲ್ಲ ಎಂದೂ ಆಯಿತು. ಹಾಗೆಯೇ "ದೇಹವೇ ದೇಗುಲ" ಎನ್ನುವಲ್ಲಿ "ಇನ್ನೊಂದು ಕಟ್ಟಬೇಕಾಗಿಲ್ಲ" ಎಂಬ ನಿರಾಕರಣೆ ಇದೆ. ಒಂದು ಮಾತು ಏನನ್ನೋ ಅಲ್ಲಗಳೆಯುತ್ತದೆ ಎಂದ ಮೇಲೆ ಅದು ಏನನ್ನೋ ಹೇಳುತ್ತಿದೆ. ಇಂಗ್ಲಿಷ್ ಅನುವಾದ ಇಟ್ಟುಕೊಂಡು ಬರೆದವರಿಗೆ ಈ "ಏ" ಸುಲಭವಾಗಿ ತಪ್ಪಿಹೋಗುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇದು ಕೈಯಲ್ಲೇ ಇದೆ.

ಮೂರನೆಯದು, ಯಾವ ಅರ್ಥ ಉಳಿಯಿತು ಎಂದು ಪಟ್ಟಿ ಮಾಡುವುದು. ದೇಗುಲದಿಂದ ದೇಹಕ್ಕೆ ಏನೇನು ಬರುತ್ತದೆ? ಅಲ್ಲಿ ದೇವರಿದ್ದಾನೆ ಎಂಬುದು ಬರುತ್ತದೆ. ಅದನ್ನು ಅಪವಿತ್ರ ಎನ್ನಬಾರದು ಎಂಬುದೂ ಬರುತ್ತದೆ. ಅದು ಕಲ್ಲಿನದು ಎಂಬುದು ಬರುವುದಿಲ್ಲ. ಅದಕ್ಕೆ ಬಾಗಿಲು ಹಾಕಿ ಕೆಲವರನ್ನು ಹೊರಗಿಡಬಹುದು ಎಂಬುದೂ ಬರುವುದಿಲ್ಲ. ಇದನ್ನೆಲ್ಲ ನೀವು ಊಹಿಸಿ ಬರೆದರೆ ಸಾಲದು. ಉಳಿದ ವಚನಗಳಲ್ಲಿ, ಶರಣರ ನಡೆಯಲ್ಲಿ ಆಧಾರ ತೋರಿಸಬೇಕು.

ಕೊನೆಯ ಸಾಲಿನಲ್ಲಿ ನಿಜವಾದ ಕಷ್ಟ ಇದೆ. "ಸ್ಥಾವರಕ್ಕಳಿವುಂಟು" ಎನ್ನುವುದು ನಿಜ, ಹಾಳು ಬಿದ್ದ ಗುಡಿಗಳನ್ನು ಎಲ್ಲರೂ ನೋಡಿದ್ದೇವೆ. "ಜಂಗಮಕ್ಕಳಿವಿಲ್ಲ" ಎಂದರೆ? ಜಂಗಮ ಅಂದರೆ ಚಲಿಸುವುದು. ದೇಹವೂ ಚಲಿಸುತ್ತದೆ. ಆದರೆ ದೇಹ ಅಳಿಯುತ್ತದೆ, ಗುಡಿಗಿಂತ ಬೇಗ ಅಳಿಯುತ್ತದೆ. ಜಂಗಮ ಎಂದರೆ ದೇಹವೇ ಎಂದು ಓದಿದರೆ ಆ ಸಾಲು ಸುಳ್ಳು. ಹಾಗಾಗಿ ಬೇರೆ ಓದು ಬೇಕು. ಜಂಗಮ ಎಂದರೆ ಊರೂರು ಅಲೆಯುವ ಶರಣರ ಪರಂಪರೆ ಎಂದರೆ ಅದೊಂದು ಚರಿತ್ರೆಯ ಮಾತು. ಪರಂಪರೆ ಉಳಿಯಿತೇ ಎಂದು ನೋಡಬಹುದು, ಒಂದು ದಿನ ಸುಳ್ಳೂ ಆಗಬಹುದು. ದೇಹದೊಳಗಿನ ಚೈತನ್ಯ ಎಂದರೆ ಅದು ಅನುಭವದಲ್ಲಿ ತಾಳೆ ನೋಡಲಾಗದ ಮಾತು, ಏಯರ್ ಕತ್ತರಿ ಹಾಕುವುದು ಇದಕ್ಕೇ. ನಡೆ, ಆಚರಣೆ, ಬದುಕುವ ರೀತಿ ಎಂದರೆ "ಕಟ್ಟಿದ್ದಕ್ಕಿಂತ ನಡೆದದ್ದಕ್ಕೆ ಬೆಲೆ" ಎಂಬ ಮೌಲ್ಯದ ಮಾತಾಗುತ್ತದೆ.

ಒಂದೇ ಸಾಲಿನ ಮೂರು ಓದಿಗೆ ಅರ್ಥದ ಮೂರು ಬೇರೆ ಲೆಕ್ಕ. "ಈ ಮಾತಿಗೆ ಅರ್ಥ ಇದೆಯೇ" ಎಂದು ಕೇಳುವ ಮೊದಲು "ಯಾವ ಓದಿಗೆ" ಎಂದು ಕೇಳಬೇಕು ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ನೀವು ಒಂದನ್ನು ಆರಿಸಿಕೊಂಡು ಏಕೆ ಎಂದು ಬರೆಯಿರಿ. ನಾನಾದರೆ ಮೂರನೆಯದನ್ನು ಹಿಡಿಯುತ್ತೇನೆ, ಏಕೆಂದರೆ ವಚನ "ಮಾಡುವರು", "ಏನು ಮಾಡುವೆ" ಎಂಬ ಮಾಡುವಿಕೆಯ ಮಾತಿನಿಂದಲೇ ಶುರುವಾಗಿದೆ. ಆದರೆ ಎರಡನೆಯದನ್ನು ಪೂರ್ತಿ ಹೊರಗಿಡಲು ನನಗೆ ಆಗಿಲ್ಲ.

ರೂಪಕಕ್ಕೆ ಬೇರೆ ಅರ್ಥವೇ ಇಲ್ಲ ಎಂದು ಡೇವಿಡ್‌ಸನ್ ಹೇಳಿದ್ದಾನಲ್ಲ?

ಹೌದು. ಡೊನಾಲ್ಡ್ ಡೇವಿಡ್‌ಸನ್ 1978ರಲ್ಲಿ ಬರೆದದ್ದು ಇಷ್ಟು: ರೂಪಕದ ಪದಗಳಿಗೆ ನಿಘಂಟಿನ ಅರ್ಥ ಬಿಟ್ಟು ಬೇರೆ ಗುಟ್ಟಿನ ಅರ್ಥ ಇಲ್ಲ. ರೂಪಕ ನಮಗೆ ಏನನ್ನೋ ಕಾಣುವ ಹಾಗೆ ಮಾಡುತ್ತದೆ, ಆದರೆ ಹೇಳುವುದಿಲ್ಲ. ಹಾಗಿದ್ದರೆ "ದೇಹವೇ ದೇಗುಲ" ಎನ್ನುವುದಕ್ಕೆ ಅರ್ಥ ಇದೆ, ಆದರೆ ಅದು ನೇರವಾಗಿ ಸುಳ್ಳು. ಉಳಿದದ್ದೆಲ್ಲ ಓದುಗನೊಳಗೆ ಆಗುವ ಪರಿಣಾಮ.

ಇದಕ್ಕೆ ಎದುರು ಮ್ಯಾಕ್ಸ್ ಬ್ಲ್ಯಾಕ್. ಆತನ ಪ್ರಕಾರ ರೂಪಕದ ಎರಡು ತುದಿಗಳೂ ಒಂದನ್ನೊಂದು ಬದಲಿಸುತ್ತವೆ. ನಮ್ಮ ವಚನಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ದೇವಾಲಯ ವಾಸ್ತುವಿನ ಪದಗಳನ್ನು ನೋಡಿ: ಪಾದ, ಗ್ರೀವ, ಶಿಖರ. ಪಾದ ಎಂದರೆ ಕಾಲು, ಗ್ರೀವ ಎಂದರೆ ಕತ್ತು. ಗುಡಿಯನ್ನು ಮೊದಲೇ ಮನುಷ್ಯನ ಮೈಯ ಹಾಗೆ ಕಲ್ಪಿಸಿ ಕಟ್ಟಿದ್ದಾರೆ. ವಚನಗಳನ್ನು ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ 1973ರಲ್ಲಿ ಇದನ್ನು ಎತ್ತಿ ತೋರಿಸಿದರು. ಕಟ್ಟುವವರು ದೇಹವನ್ನು ನೋಡಿ ಗುಡಿ ಮಾಡಿದರು. ವಚನ ಆ ರೂಪಕವನ್ನು ಬಂದ ದಾರಿಯಲ್ಲೇ ವಾಪಸ್ ತಿರುಗಿಸುತ್ತದೆ. ಡೇವಿಡ್‌ಸನ್ ಇದನ್ನು ಪರಿಣಾಮ ಎಂದಷ್ಟೇ ಕರೆಯುತ್ತಾನೆ. ನನಗೆ ಅದು ಸಾಲದು ಅನಿಸುತ್ತದೆ, ಏಕೆಂದರೆ ಈ ತಿರುಗಿಸುವಿಕೆಯನ್ನು ಒಬ್ಬ ಸ್ಥಪತಿ ಒಪ್ಪದೆ ವಾದ ಮಾಡಬಹುದು. ಪರಿಣಾಮದ ಜೊತೆ ವಾದ ಮಾಡಲು ಆಗುವುದಿಲ್ಲ.

ಧಾರ್ಮಿಕ ಮಾತು ಭಾವನೆ ಅಥವಾ ಸಂಕಲ್ಪ ಮಾತ್ರ ಅಂದರೆ ಎಲ್ಲ ತೊಂದರೆ ಮುಗಿಯುವುದಿಲ್ವಾ?

1955ರಲ್ಲಿ ಇಂಗ್ಲಿಷ್ ತತ್ವಶಾಸ್ತ್ರಜ್ಞ ಆರ್.ಬಿ. ಬ್ರೇತ್‌ವೇಟ್ ಹೆಚ್ಚುಕಡಿಮೆ ಹಾಗೆ ಹೇಳಿದ. ಧಾರ್ಮಿಕ ಮಾತು ಎಂದರೆ ಹೀಗೆ ಬದುಕುತ್ತೇನೆ ಎನ್ನುವ ಸಂಕಲ್ಪ, ಅದಕ್ಕೆ ಬಲ ಕೊಡುವ ಒಂದು ಕತೆ. ಕತೆ ನಿಜವಾಗಿರಬೇಕಾಗಿಲ್ಲ. ಮೇಲಿನ ಮೂರನೇ ಓದು ಇದಕ್ಕೆ ಹತ್ತಿರ ಬರುತ್ತದೆ ಎಂದು ಒಪ್ಪುತ್ತೇನೆ.

ಆದರೆ ಒಂದು ಪರೀಕ್ಷೆ ಇದೆ. ಪೀಟರ್ ಗೀಚ್ ನೀತಿಯ ಮಾತುಗಳ ಬಗ್ಗೆ 1965ರಲ್ಲಿ ಎತ್ತಿದ ತಕರಾರನ್ನು ಇಲ್ಲಿಗೂ ತರಬಹುದು. ವಾಕ್ಯವನ್ನು "ಆದರೆ" ಪ್ರತ್ಯಯದೊಳಗೆ ಹಾಕಿ ನೋಡಿ: "ದೇಹವೇ ದೇಗುಲವಾದರೆ, ಯಾರ ದೇಹವನ್ನೂ ಮುಟ್ಟಬಾರದು ಎಂದು ದೂರ ಇಡುವುದು ತಪ್ಪು." ಇದನ್ನು ಹೇಳುವವನು ದೇಹವೇ ದೇಗುಲ ಎಂದು ಇನ್ನೂ ಒಪ್ಪಿಲ್ಲ, ಯಾವ ಸಂಕಲ್ಪವನ್ನೂ ಮಾಡಿಲ್ಲ. ಆದರೂ ವಾಕ್ಯ ಅರ್ಥವಾಗುತ್ತದೆ. ಮುಂದೆ "ದೇಹವೇ ದೇಗುಲ" ಎಂದು ಸೇರಿಸಿದರೆ "ಆದ್ದರಿಂದ ದೂರ ಇಡುವುದು ತಪ್ಪು" ಎಂದು ಬರುತ್ತದೆ. ಎರಡು ಕಡೆಯೂ ಒಂದೇ ಅರ್ಥ ಇದ್ದರೆ ಮಾತ್ರ ಈ ವಾದ ನಡೆಯುತ್ತದೆ. ಬರೀ ಭಾವನೆಯಾಗಿದ್ದರೆ "ಆದರೆ" ಒಳಗಿನ ಭಾಗದಲ್ಲಿ ಏನೂ ಇರುತ್ತಿರಲಿಲ್ಲ.

ನಿಮ್ಮ ಪ್ರಬಂಧದ ಪ್ರತಿ ರೂಪಕವನ್ನೂ ಹೀಗೆ ಹಾಕಿ ನೋಡಿ. "ಆದರೆ" ಸೇರಿಸಿದ ಮೇಲೂ ಅದರಿಂದ ಏನಾದರೂ ಹೊರಡುತ್ತಿದ್ದರೆ, ಅದರಲ್ಲಿ ಭಾವನೆಗಿಂತ ಜಾಸ್ತಿ ಏನೋ ಇದೆ.

ಎಲ್ಲವೂ ರೂಪಕ ಎಂದರೆ ಸಾಕಾ? ನೇರ ಮಾತು ಒಂದೂ ಬೇಡವಾ?

ಇದು ಸೂಕ್ಷ್ಮ. ಹದಿಮೂರನೇ ಶತಮಾನದ ತಾಮಸ್ ಅಕ್ವಿನಾಸ್ ಎರಡನ್ನು ಬೇರೆ ಮಾಡಿದ್ದ. "ದೇವರು ಬಂಡೆ" ಎನ್ನುವುದು ರೂಪಕ. "ದೇವರು ಒಳ್ಳೆಯವನು" ಎನ್ನುವುದು ರೂಪಕವಲ್ಲ, ಆದರೆ ಮನುಷ್ಯರಿಗೆ ಹೇಳುವ ಅದೇ ಅರ್ಥವೂ ಅಲ್ಲ. "ಆರೋಗ್ಯ" ಪದದ ಉದಾಹರಣೆಯನ್ನು ಆತ ಅರಿಸ್ಟಾಟಲ್‌ನಿಂದ ತೆಗೆದುಕೊಂಡ. ಮಗುವಿಗೆ ಆರೋಗ್ಯ ಇದೆ ಎನ್ನುತ್ತೇವೆ, ಊಟ ಆರೋಗ್ಯಕರ ಎನ್ನುತ್ತೇವೆ. ಊಟಕ್ಕೆ ಆರೋಗ್ಯ ಇರುವುದಿಲ್ಲ, ಅದು ಆರೋಗ್ಯ ಕೊಡುತ್ತದೆ. ಅರ್ಥ ಒಂದೇ ಅಲ್ಲ, ಸಂಬಂಧವಿಲ್ಲದ್ದೂ ಅಲ್ಲ.

ನಮ್ಮ ಕಾಲದ ವಿಲಿಯಂ ಆಲ್ಸ್ಟನ್ ಇನ್ನೊಂದು ಕಡೆಯಿಂದ ಒತ್ತಿದ. ರೂಪಕದಿಂದ ಏನನ್ನೋ ನಿಜವಾಗಿ ಹೇಳಿದ್ದೀರಿ ಎಂದಾದರೆ, ಅದರ ಒಂದು ಪಾಲನ್ನಾದರೂ ನೇರ ಮಾತಿನಲ್ಲಿ ಹೇಳಲು ಸಾಧ್ಯ ಇರಬೇಕು. ಪೂರ್ತಿ ಬೇಕಿಲ್ಲ. ಏನನ್ನೂ ಹೇಳಲಾಗದಿದ್ದರೆ ಫ್ಲೂ ಬಾಗಿಲಲ್ಲೇ ನಿಂತಿರುತ್ತಾನೆ. ಜ್ಯಾನೆಟ್ ಸಾಸ್ಕಿಸ್ 1985ರಲ್ಲಿ ಇದಕ್ಕೆ ವಿಜ್ಞಾನದ ರೂಪಕಗಳನ್ನು ಎದುರಿಟ್ಟಳು. ನಾವು "ಕರೆಂಟ್ ಹರಿಯುತ್ತೆ" ಎನ್ನುತ್ತೇವೆ, ಅದು ನೀರಿನಿಂದ ಬಂದ ಮಾತು. ವಸ್ತು ಏನೆಂದು ಪೂರ್ತಿ ಗೊತ್ತಾಗುವ ಮೊದಲೇ ರೂಪಕ ಅದನ್ನು ಬೆರಳಿಟ್ಟು ತೋರಿಸಬಲ್ಲದು. ಈ ಹೋಲಿಕೆ ನನಗೆ ಇಷ್ಟ, ಆದರೆ ಅರ್ಧ ದಾರಿಯವರೆಗೆ ಮಾತ್ರ. ಕರೆಂಟಿಗೆ ಗೋಡೆಯ ಮೇಲೆ ಮೀಟರ್ ಇದೆ. ದೇವರ ವಿಷಯದಲ್ಲಿ ಆ ಜಾಗದಲ್ಲಿ ಏನಿದೆ ಎಂದು ಸಾಸ್ಕಿಸ್ ಹಾದಿಯಲ್ಲಿ ಹೋಗುವವರು ಹೇಳಬೇಕು. ಭಕ್ತರ ಅನುಭವ ಎಂದು ಆಕೆಯ ಉತ್ತರ. ಅದನ್ನು ಒಪ್ಪುವುದು ಬಿಡುವುದು ನಿಮ್ಮ ವಾದಕ್ಕೆ ಬಿಟ್ಟದ್ದು.

ನಮ್ಮ ಮೀಮಾಂಸೆ, ಅಲಂಕಾರಶಾಸ್ತ್ರವನ್ನು ಬಳಸಬಹುದಾ? ಅಂಕ ಕಡಿಮೆ ಆಗುತ್ತಾ?

ಬಳಸಿ, ಆದರೆ ಕೆಲಸಕ್ಕೆ ಹಚ್ಚಿ. "ನಮ್ಮವರು ಮೊದಲೇ ಹೇಳಿದ್ದರು" ಎಂದು ಒಂದು ಸಾಲು ಬರೆದು ಬಿಟ್ಟರೆ ಅದರಿಂದ ಏನೂ ಸಿಗುವುದಿಲ್ಲ.

ಎರಡು ಸಾಧನ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಒಂದು ಲಕ್ಷಣೆ. "ಗಂಗೆಯಲ್ಲಿ ಹಟ್ಟಿ" ಎನ್ನುವುದು ಹಳೆಯ ಉದಾಹರಣೆ. ಹರಿಯುವ ನೀರಿನಲ್ಲಿ ಗೊಲ್ಲರ ಹಟ್ಟಿ ಇರಲಾರದು, ಆದ್ದರಿಂದ ನೇರ ಅರ್ಥ ನಿಲ್ಲುವುದಿಲ್ಲ. ದಡ ಎಂದು ತೆಗೆದುಕೊಳ್ಳುತ್ತೇವೆ, ಅದಕ್ಕೂ ನೀರಿಗೂ ಸಂಬಂಧ ಇದೆ. ಹಾಗಾದರೆ "ದಡ" ಎಂದೇ ಏಕೆ ಹೇಳಲಿಲ್ಲ? ತಂಪು, ಪಾವನತೆ ತರಲು. ನೇರ ಅರ್ಥಕ್ಕೆ ತಡೆ, ಅದರ ಜೊತೆ ಸಂಬಂಧ, ಹೀಗೆ ಹೇಳಿದ್ದಕ್ಕೆ ಒಂದು ಉದ್ದೇಶ ಅಥವಾ ರೂಢಿ. ಅಲಂಕಾರಶಾಸ್ತ್ರಜ್ಞ ಮಮ್ಮಟ ಇದನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾನೆ. "ಜಂಗಮಕ್ಕಳಿವಿಲ್ಲ" ಸಾಲಿಗೆ ಮೇಲೆ ನಾನು ಮಾಡಿದ್ದು ಇದನ್ನೇ. ದೇಹ ಎಂಬ ಅರ್ಥ ತಡೆಯಿತು, ಬೇರೆ ಅರ್ಥಕ್ಕೆ ಹೋದೆ.

ಇನ್ನೊಂದು, ವೇದವಾಕ್ಯಗಳ ಅರ್ಥ ಬಿಡಿಸುವ ಮೀಮಾಂಸಕರ ಅರ್ಥವಾದ. "ವಾಯು ಅತಿ ವೇಗದ ದೇವತೆ" ಎಂಬ ವೇದವಾಕ್ಯ ಏನನ್ನೂ ಮಾಡು ಎನ್ನುವುದಿಲ್ಲ. ಹಾಗಾದರೆ ಅದಕ್ಕೆ ಏನು ಬೆಲೆ? ಪಕ್ಕದಲ್ಲಿರುವ "ವಾಯುವಿಗೆ ಇದನ್ನು ಅರ್ಪಿಸು" ಎಂಬ ವಿಧಿಯನ್ನು ಅದು ಹೊಗಳುತ್ತದೆ, ಆ ವಿಧಿಯ ಜೊತೆ ಸೇರಿ ಅದಕ್ಕೆ ಬೆಲೆ ಎನ್ನುತ್ತಾರೆ. ಬ್ರೇತ್‌ವೇಟ್ ನೆನಪಾಗುತ್ತಾನೆ, ಅಲ್ವಾ? ವ್ಯತ್ಯಾಸವನ್ನೂ ಬರೆಯಿರಿ. ಬ್ರೇತ್‌ವೇಟ್‌ಗೆ ಮಾಡುವವನ ಸಂಕಲ್ಪ ಮುಖ್ಯ. ಮೀಮಾಂಸಕರಿಗೆ ವಿಧಿ ಯಾರ ಸಂಕಲ್ಪದಿಂದಲೂ ಬಂದದ್ದಲ್ಲ.

ಅಂಕದ ಮಾತು: ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಎರಡನ್ನೂ ತೋರಿಸಿದ ಪ್ರಬಂಧಕ್ಕೆ ನಾನು ಕಡಿಮೆ ಕೊಟ್ಟಿಲ್ಲ.

ವಿಟ್‌ಗೆನ್‌ಸ್ಟೈನ್‌ನ "ಭಾಷೆಯ ಆಟ" ಸೇರಿಸಬೇಕಾ?

ಬೇಕೇ ಬೇಕು ಎಂದೇನಿಲ್ಲ. ಆಟದಲ್ಲಿ ಕಾಯಿಗೆ ಬೆಲೆ ಬರುವ ಹಾಗೆ, ಮಾತಿಗೆ ಅರ್ಥ ಬರುವುದು ಜನ ಅದನ್ನು ಬಳಸುವ ರೀತಿಯಿಂದ ಎನ್ನುವುದು ಆ ವಿಚಾರ. ಸೇರಿಸಿದರೆ "ಪ್ರತಿ ಧರ್ಮವೂ ಬೇರೆ ಆಟ, ಹೊರಗಿನವರು ಕೇಳುವಂತಿಲ್ಲ" ಎಂದು ಮುಗಿಸಬೇಡಿ. ವಚನವನ್ನೇ ನೋಡಿ. ಅದು ಗುಡಿ ಕಟ್ಟುವವರ ಮಾತನ್ನು ಎತ್ತಿಕೊಂಡು ಅವರ ಜೊತೆಗೇ ಜಗಳವಾಡುತ್ತಿದೆ. ಎರಡು ಬೇರೆ ಬೇರೆ ಆಟಗಳಾಗಿದ್ದರೆ ಜಗಳವೇ ಆಗುತ್ತಿರಲಿಲ್ಲ.

ನಾಸ್ತಿಕರೂ ಈ ವಚನವನ್ನು ಮೆಚ್ಚಿಕೊಂಡು ಹೇಳುತ್ತಾರೆ. ಅವರು ಹೇಳಿದಾಗಲೂ ಅದೇ ಅರ್ಥವಾ?

ಒಬ್ಬ ವಿದ್ಯಾರ್ಥಿನಿ ಇದನ್ನು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಅವಳೇ ಮಾಡಿ ತೋರಿಸಿದಳು. ಒಂದು ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆದು, ಎಡಕ್ಕೆ ಭಕ್ತ ಹೇಳಿದರೆ ಏನೇನು ಹೊರಡುತ್ತದೆ, ಬಲಕ್ಕೆ ನಾಸ್ತಿಕ ಹೇಳಿದರೆ ಏನೇನು ಹೊರಡುತ್ತದೆ ಎಂದು ಬರೆದಳು. ಗುಡಿ ಕಟ್ಟಬೇಕಾಗಿಲ್ಲ, ಎರಡೂ ಕಡೆ. ಯಾರ ದೇಹವೂ ಹೊಲಸಲ್ಲ, ಎರಡೂ ಕಡೆ. ಹಣದಿಂದ ಮನುಷ್ಯನ ಬೆಲೆ ಕಟ್ಟಬಾರದು, ಎರಡೂ ಕಡೆ. "ಒಳಗೆ ಒಬ್ಬ ಇದ್ದಾನೆ, ಅವನಿಗೆ ಕೇಳಿಸುತ್ತದೆ" ಎಂಬುದು ಎಡಗಡೆ ಮಾತ್ರ.

ಅಲ್ಲಿಗೆ ನಿಲ್ಲಿಸದೆ ವಚನಕ್ಕೆ ವಾಪಸ್ ಹೋಗಿ ಐದನೇ ಸಾಲಿನ "ಕೇಳಯ್ಯಾ" ಅನ್ನುವ ಪದದ ಕೆಳಗೆ ಗೆರೆ ಹಾಕಿದಳು. ಇಡೀ ವಚನದಲ್ಲಿ ಭಕ್ತನಿಗೂ ನಾಸ್ತಿಕನಿಗೂ ಹಂಚಿಕೊಳ್ಳಲಾಗದ್ದು "ದೇಗುಲ" ಅಲ್ಲ, "ಕೇಳಯ್ಯಾ" ಎಂದು ಬರೆದಿದ್ದಳು. ಅದು ರೂಪಕ ಅಲ್ಲ, ಕರೆ. ಕರೆ ನಿಜವೂ ಅಲ್ಲ, ಸುಳ್ಳೂ ಅಲ್ಲ. ಆದರೆ ಕೇಳುವವರು ಯಾರೂ ಇಲ್ಲದಿದ್ದರೆ ಅದು ತಲುಪದೆ ಹೋಗುತ್ತದೆ. ಧಾರ್ಮಿಕ ಭಾಷೆಯ ಬಗ್ಗೆ ಬರೆಯುವವರು ಹೇಳಿಕೆಗಳನ್ನೇ ಹುಡುಕುತ್ತಾ ಕರೆಯನ್ನು ಮರೆಯುತ್ತಾರೆ ಎಂಬುದು ಅವಳ ವಾದ. ಅವಳ ಪ್ರಬಂಧದ ಎರಡನೇ ಭಾಗ ಪೂರ್ತಿ ಆ ಒಂದು ಪದದ ಮೇಲೇ ಇತ್ತು.